ಮೊದಲ ಡೇಟಿನ ಬಿಲ್ ಯಾರದ್ದು? ಮೆಸೇಜಿನಲ್ಲೇ ಮಾತು ಮುಗಿಸುವುದು ಹೇಗೆ

ಮಂಗಳೂರಿನ ಕೆಲವು ಮೀನಿನ ಹೋಟೆಲುಗಳಲ್ಲಿ ಟೇಬಲ್ಲಿಗೆ ಮೊದಲು ಒಂದು ದೊಡ್ಡ ತಟ್ಟೆ ಬರುತ್ತದೆ. ಅದರಲ್ಲಿ ಮಸಾಲೆ ಹಚ್ಚಿಟ್ಟ ಅಂಜಲ್, ಕಾಣೆ, ಮಾಂಜಿ, ಬಂಗುಡೆ. ಯಾವುದು ಬೇಕು ಅಂತ ಬೆರಳು ತೋರಿಸಬೇಕು. ರೇಟು ಮೀನಿನ ಗಾತ್ರ ನೋಡಿಕೊಂಡು. ಮೊದಲ ಸಲ ಭೇಟಿಯಾಗುವ ಇಬ್ಬರು ಈ ತಟ್ಟೆಯ ಮುಂದೆ ಕೂತಿದ್ದಾರೆ ಅಂದುಕೊಳ್ಳಿ. ದುಡ್ಡು ಯಾರು ಕೊಡುತ್ತಾರೆ ಅಂತ ಇಬ್ಬರಿಗೂ ಗೊತ್ತಿಲ್ಲ. ಕಾಣೆಯ ಮೇಲೆ ಕಣ್ಣಿಟ್ಟವರೂ ಕೊನೆಗೆ ಬಂಗುಡೆ ತೋರಿಸಿ ಸುಮ್ಮನಾಗುತ್ತಾರೆ.

ಮುಜುಗರ ಶುರುವಾಗುವುದು ಬಿಲ್ ಬಂದಾಗ ಅಲ್ಲ, ಆರ್ಡರ್ ಮಾಡುವಾಗಲೇ. ಹಾಗಾಗಿ ದುಡ್ಡಿನ ಮಾತು ಆರ್ಡರಿಗಿಂತ ಮೊದಲೇ ಮುಗಿದಿರಬೇಕು. ಅದಕ್ಕೆ ವಾಟ್ಸ್‌ಆ್ಯಪ್ಪೇ ಒಳ್ಳೆಯ ಜಾಗ. ಅಲ್ಲಿ ಮುಖ ಕೆಂಪಾದರೂ ಯಾರಿಗೂ ಕಾಣುವುದಿಲ್ಲ.

ಜಾಗ ಹೇಳುವ ಮೆಸೇಜಿನಲ್ಲೇ ದುಡ್ಡೂ ಇರಲಿ

ಹೆಚ್ಚಿನವರು ಎಡವುವುದು ಇಲ್ಲಿ. ದಿನ, ಹೊತ್ತು, ಜಾಗ ಎಲ್ಲ ಗೊತ್ತಾಗಿರುತ್ತದೆ. ಎರಡು ದಿನ ಬಿಟ್ಟು ರಾತ್ರಿ 11ಕ್ಕೆ ಒಂದು ಮೆಸೇಜು: ‘ಮತ್ತೆ, ಬಿಲ್ ಯಾರು ಕೊಡೋದು?’ ಒಂಟಿಯಾಗಿ ಬಂದ ದುಡ್ಡಿನ ಮಾತು ಸಣ್ಣದಿದ್ದರೂ ದೊಡ್ಡದಾಗಿ ಕಾಣುತ್ತದೆ. ಇಷ್ಟು ಹೊತ್ತು ಇದನ್ನೇ ಯೋಚಿಸುತ್ತಿದ್ದರಾ ಅನ್ನಿಸುತ್ತದೆ.

ಅದು ಪ್ರಶ್ನೆಯಾಗಿರುವುದು ಇನ್ನೊಂದು ತೊಂದರೆ. ‘ಯಾರು ಕೊಡೋದು’ ಅಂತ ಕೇಳಿಸಿಕೊಂಡವರು ಏನು ಹೇಳಬೇಕು? ‘ನೀವು ಕೊಡಿ’ ಅಂದರೆ ಜಿಪುಣರು. ‘ನಾನು ಕೊಡ್ತೇನೆ’ ಅಂದರೆ ಎಷ್ಟಾಗುತ್ತದೋ ಗೊತ್ತಿಲ್ಲದ ಖರ್ಚನ್ನು ತಲೆ ಮೇಲೆ ಹಾಕಿಕೊಂಡ ಹಾಗೆ. ಆದ್ದರಿಂದ ಕೇಳಬೇಡಿ, ನಿಮ್ಮ ಕಡೆಯದ್ದನ್ನು ಹೇಳಿ. ಕೊನೆಗೆ ಅವರಿಗೆ ಬೇಡ ಅನ್ನಲು ಒಂದು ಸಂದು ಬಿಡಿ.

ಕರೆದವರು ನೀವೇ ಆದರೆ ಹೀಗೆ:

‘ಭಾನುವಾರ ಸಂಜೆ 5ಕ್ಕೆ ಹಂಪನಕಟ್ಟೆ ಹತ್ತಿರ ಐಸ್‌ಕ್ರೀಂ ತಿನ್ನುವ ಅಲ್ವಾ? ಕರೆದದ್ದು ನಾನು, ಹಾಗಾಗಿ ಗಡ್‌ಬಡ್ ನನ್ನ ಲೆಕ್ಕ, ಆಗ್ಬಹುದಾ?’

ಕರೆಸಿಕೊಂಡವರು ನೀವಾದರೆ, ಒಪ್ಪುವ ಮೆಸೇಜಿನಲ್ಲೇ:

‘ಬರ್ತೇನೆ. ನನ್ನದು ನಾನೇ ಕೊಡ್ತೇನೆ, ಆಯ್ತಾ? ಆಗ ಆರಾಮಾಗಿ ತಿನ್ಬಹುದು.’

ಎರಡರಲ್ಲೂ ದುಡ್ಡಿಗೆ ಸಿಕ್ಕಿದ್ದು ಒಂದೇ ವಾಕ್ಯ. ಅದಕ್ಕೆ ಕಾರಣ ಕೊಡುತ್ತಾ ಹೋಗಬೇಡಿ. ‘ನಾನು ಸಮಾನತೆ ನಂಬುವವನು, ತಪ್ಪು ತಿಳಿಯಬೇಡಿ, ಹಾಗಂತ...’ ಅಂತ ಬರೆದಷ್ಟೂ ತಪ್ಪು ತಿಳಿಯಲು ಜಾಗ ಜಾಸ್ತಿ.

ಹುಡುಗನೇ ಕೊಡಬೇಕು ಅನ್ನುವ ಹಳೆಯ ಲೆಕ್ಕ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ನನ್ನನ್ನು ಕೇಳಿದರೆ, ಕರೆದವರು ಕೊಡುವುದು ಅದಕ್ಕಿಂತ ವಾಸಿ. ಜಾಗ ಆರಿಸಿದ್ದು ಅವರೇ ಅಲ್ವಾ, ಅಲ್ಲಿನ ರೇಟು ಅವರಿಗೆ ಗೊತ್ತಿರುತ್ತದೆ. ಒಬ್ಬರು ಮಣಿಪಾಲದಿಂದ ಬಸ್ಸು ಹತ್ತಿ 60 ಕಿಲೋಮೀಟರು ದಾಟಿ ಮಂಗಳೂರಿಗೆ ಬರುತ್ತಿದ್ದರೆ ಆ ಖರ್ಚು, ಹೊತ್ತು ಕೂಡ ಲೆಕ್ಕಕ್ಕೆ ಬರಬೇಕು. ‘ನೀವು ಅಷ್ಟು ದೂರದಿಂದ ಬರ್ತಿದ್ದೀರಿ, ಕಾಫಿ ನಂದು’ ಅಂದರೆ ಯಾರಿಗೂ ಇರಿಸುಮುರಿಸಾಗದು.

ಅರ್ಧ-ಅರ್ಧವೋ, ಅವರವರದ್ದೋ?

ಇವೆರಡೂ ಒಂದೇ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಮೆಸೇಜಿನಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ಕಿರಿಕಿರಿ ಖಂಡಿತ.

ಒಂದು ಲೆಕ್ಕ ನೋಡಿ. ಬಿಜೈಯ ಹುಡುಗ, ಮಣಿಪಾಲದಲ್ಲಿ ಓದುವ ಹುಡುಗಿ, ಮೀನಿನ ಹೋಟೆಲು. ಹುಡುಗ ಕಾಣೆ ಫ್ರೈ, ಸಿಗಡಿ ಘೀ ರೋಸ್ಟ್ ತೆಗೆದುಕೊಂಡ, 700 ರೂಪಾಯಿ. ಅವಳು ನೀರುದೋಸೆ, ಕೋಳಿ ಸುಕ್ಕ ಮಾತ್ರ, 300. ಒಟ್ಟು 1,000, ಮೇಲೆ ಶೇ 5 ಜಿಎಸ್‌ಟಿ. ಬಿಲ್ 1,050. ಅರ್ಧ-ಅರ್ಧ ಅಂದರೆ ತಲಾ 525. ಅವರವರದ್ದು ಅಂದರೆ ಹುಡುಗನಿಗೆ 735, ಅವಳಿಗೆ 315. ವ್ಯತ್ಯಾಸ 210 ರೂಪಾಯಿ. ಹಾಸ್ಟೆಲಿನಲ್ಲಿ ಇರುವವರಿಗೆ ಅದು ಸಣ್ಣ ಮೊತ್ತ ಅಲ್ಲ. ‘ಇರಲಿ ಬಿಡಿ’ ಅಂತ ಅವಳು ಕೊಟ್ಟಾಳು. ಆದರೆ ತಿನ್ನದ ಸಿಗಡಿಯ ನೆನಪು ಉಳಿಯುತ್ತದೆ.

ಇಬ್ಬರೂ ಹೆಚ್ಚುಕಡಿಮೆ ಒಂದೇ ತರದ್ದು ತಿನ್ನುವಲ್ಲಿ, ಅಂದರೆ ಕಾಫಿ, ಐಸ್‌ಕ್ರೀಂ, ಗೋಳಿಬಜೆಯ ಭೇಟಿಯಲ್ಲಿ, ಅರ್ಧ-ಅರ್ಧ ಸಲೀಸು. ಒಬ್ಬರು ಸಸ್ಯಾಹಾರಿಯಾಗಿ ಇನ್ನೊಬ್ಬರು ಮೀನು ಬಿಡದವರಾದರೆ, ಅಥವಾ ಒಬ್ಬರು ಮಾತ್ರ ಬಿಯರ್ ಕುಡಿಯುವವರಾದರೆ, ಹೀಗೆ ಕಳಿಸಿ: ‘ನಂಗೆ ಕಾಣೆ ಬೇಕೇ ಬೇಕು. ಅವರವರು ತಿಂದದ್ದು ಅವರವರು ಕೊಡುವ, ಆಗ್ಬಹುದಾ?’ ದುಬಾರಿ ತಿನ್ನುವವರ ಕಡೆಯಿಂದಲೇ ಈ ಮಾತು ಬಂದರೆ ಚಂದ.

ಮೊದಲ ಸಲಕ್ಕೆ ಮೀನಿನ ಹೋಟೆಲನ್ನೇ ಬಿಟ್ಟು ಐಸ್‌ಕ್ರೀಂ ಅಂಗಡಿಗೆ ಹೋಗುವವರು ಬುದ್ಧಿವಂತರು. ಅಲ್ಲಿ ರೇಟು ಗೋಡೆಯ ಮೇಲೇ ಇರುತ್ತದೆ.

ಉತ್ತರ ಏನೇ ಬಂದರೂ

‘ಅಯ್ಯೋ ಬೇಡ, ನಾನೇ ಕೊಡ್ತೇನೆ’ ಅಂತ ಬಂದರೆ ಒಂದೇ ಒಂದು ಸಲ ಬೇಡ ಅನ್ನಿ. ಮತ್ತೆಯೂ ಅವರು ಪಟ್ಟು ಬಿಡದಿದ್ದರೆ ಒಪ್ಪಿಬಿಡಿ: ‘ಸರಿ, ಊಟ ನಿಮ್ಮದು, ಆಮೇಲಿನ ಐಸ್‌ಕ್ರೀಂ ನಂದು.’ ನಾಲ್ಕು ಸಲ ಎಳೆದಾಡಿದರೆ ಅದು ಮದುವೆ ಮನೆಯ ಉಪಚಾರವಾಗುತ್ತದೆ.

‘ಅದೆಲ್ಲ ಅಲ್ಲಿ ನೋಡುವ ಮಾರಾಯ್ರೆ’ ಅನ್ನುವುದು ನಮ್ಮ ಕಡೆ ತುಂಬ ಸಿಗುವ ಉತ್ತರ. ಅದರಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಮತ್ತೆ ಕೆದಕಬೇಡಿ. ನಿಮ್ಮ ಪಾಲಿನಷ್ಟು ದುಡ್ಡು ಇಟ್ಟುಕೊಂಡು ಹೋಗಿ, ಅಷ್ಟೇ. ಬ್ಲೂ ಟಿಕ್ ಬಂದು ಉತ್ತರ ಬರದಿದ್ದರೂ ಹಾಗೆಯೇ. ಮರುದಿನ ‘5 ಗಂಟೆಯೇ ಅಲ್ವಾ?’ ಅಂತ ಹೊತ್ತನ್ನು ಮಾತ್ರ ಕೇಳಿ.

‘ಇದಕ್ಕೂ ಲೆಕ್ಕವಾ?’ ಅಂತ ಕುಟುಕಿದರೆ ನೀವು ಕ್ಷಮೆ ಕೇಳಬೇಕಾಗಿಲ್ಲ. ಹೋಗಬೇಕೋ ಬೇಡವೋ ಅಂತ ಇನ್ನೊಮ್ಮೆ ಯೋಚಿಸಬಹುದು.

ಒಂದು ಕಡೆ ಮಾತ್ರ ಹುಷಾರು. ಆ್ಯಪ್‌ನಲ್ಲಿ ಪರಿಚಯವಾದವರು ದುಡ್ಡಿನ ಮಾತು ಎತ್ತಿದಾಗಲೆಲ್ಲ ಜಾರಿಕೊಂಡು, ನೀವು ಹೆಸರೇ ಕೇಳದ ಯಾವುದೋ ಕೆಫೆಗೇ ಬರಬೇಕು ಅಂತ ಹಟ ಹಿಡಿದರೆ ಹೋಗಬೇಡಿ. ಡೇಟಿಂಗ್ ಆ್ಯಪ್ ಮೂಲಕ ಕರೆಸಿ ಸಾವಿರಾರು ರೂಪಾಯಿಯ ಬಿಲ್ ತೆರಿಸುವ ಜಾಲಗಳನ್ನು ದೆಹಲಿ, ಹೈದರಾಬಾದಿನಂಥ ಊರುಗಳಲ್ಲಿ ಪೊಲೀಸರು ಹಿಡಿದಿದ್ದಾರೆ. ‘ಲಾಲ್‌ಬಾಗ್ ಹತ್ತಿರ ನಂಗೆ ಗೊತ್ತಿರುವ ಹೋಟೆಲ್ ಉಂಟು, ಅಲ್ಲಿ ಸಿಗುವ’ ಅಂತ ಹಾಕಿ ನೋಡಿ. ಅದಕ್ಕೂ ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಕೌಂಟರಿನಲ್ಲಿ

ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವ ಕಡೆ ಹೋಗುವುದಾದರೆ ಬಾಗಿಲಲ್ಲೇ ಪಾವತಿ. ಅಲ್ಲಿ ಮಾತಾಡಲು ಪುರುಸೊತ್ತೇ ಇಲ್ಲ, ಹಿಂದೆ ಸಾಲು ನಿಂತಿರುತ್ತದೆ. ಅಂಥಲ್ಲಿಗೆ ಹೊರಟರೆ ಹಿಂದಿನ ರಾತ್ರಿಯೇ ಮಾತು ಮುಗಿಸಿ.

ಟೇಬಲ್ಲಿಗೆ ಬಿಲ್ ಬರುವಲ್ಲಿ, ಒಬ್ಬರು ಕೊಟ್ಟು ಇನ್ನೊಬ್ಬರು ಅವರಿಗೆ ಯುಪಿಐ ಮಾಡುವುದು ರೂಢಿ. ಆದರೆ ಹಾಗೆ ಕಳಿಸುವಾಗ ಬ್ಯಾಂಕಿನಲ್ಲಿರುವ ಹೆಸರು ಎದುರಿನವರಿಗೆ ಕಾಣುತ್ತದೆ. ಎಷ್ಟೋ ಜನರ ಯುಪಿಐ ಐಡಿಯಲ್ಲಿ ಮೊಬೈಲ್ ನಂಬರೇ ಇರುತ್ತದೆ. ಇನ್ನೂ ಡೇಟಿಂಗ್ ಆ್ಯಪ್‌ನಲ್ಲೇ ಮಾತಾಡುತ್ತಿದ್ದೀರಿ, ನಂಬರ್ ಕೊಟ್ಟಿಲ್ಲ ಅಂತಾದರೆ ಇದು ಬೇಡ. ಮೊದಲೇ ಬರೆದುಬಿಡಿ: ‘ಕೌಂಟರಲ್ಲೇ ಇಬ್ಬರೂ ಬೇರೆ ಬೇರೆ ಸ್ಕ್ಯಾನ್ ಮಾಡುವ.’ ಹೋಟೆಲಿನವರಿಗೆ ಇದು ಹೊಸತಲ್ಲ. ‘735 ಒಂದು, 315 ಒಂದು’ ಅಂದರೆ ಸಾಕು, ಮಿಕ್ಕಿದ್ದು ಅವರ ಸೌಂಡ್ ಬಾಕ್ಸೇ ಕೂಗಿ ಹೇಳುತ್ತದೆ.