ಬಿಡಿಸಿದ ಲೆಕ್ಕ ಕೊಟ್ಟೇ ವರ್ಗ ಸಮೀಕರಣ ಕಲಿಸಿದೆ: ನನ್ನ ಅನುಭವ

"ಲೆಕ್ಕ ಎಲ್ಲ ನೀವೇ ಬಿಡಿಸಿ ಕೊಟ್ಟರೆ ಮಕ್ಕಳು ಏನು ಕಲಿತಾವೆ ಮೇಷ್ಟ್ರೇ?" ಎರಡು ವರ್ಷದ ಹಿಂದೆ ಒಬ್ಬ ಹುಡುಗನ ತಂದೆ ನನ್ನ ಟ್ಯೂಷನ್ ಬಾಗಿಲಲ್ಲಿ ನಿಂತು ಕೇಳಿದ ಮಾತಿದು. ಆ ತಿಂಗಳು ಆರು ಮಕ್ಕಳು ಬಿಟ್ಟು ಹೋದರು. ತಲೆಗೆ 700 ರೂಪಾಯಿ ಅಂದರೆ ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಹೋಯಿತು. ಜೊತೆಯ ಮೇಷ್ಟ್ರುಗಳೂ "ಮಕ್ಕಳು ಒದ್ದಾಡದೆ ಲೆಕ್ಕ ಬರಲ್ಲ" ಅಂತಲೇ ಹೇಳುತ್ತಿದ್ದರು. ಈ ವರ್ಷ ಅದೇ ವಿಧಾನದಲ್ಲಿ 38 ಮಕ್ಕಳಿಗೆ ವರ್ಗ ಸಮೀಕರಣ ಮುಗಿಸಿದ್ದೇನೆ, ಅದೂ ಎಂಟೇ ದಿನದಲ್ಲಿ. ಮೊದಲು ಹನ್ನೆರಡು ದಿನ ಬೇಕಾಗುತ್ತಿತ್ತು. ಹಾಗಾಗಿ ಬರೆಯುತ್ತಿದ್ದೇನೆ.

ತಲೆ ಒಂದು ಸಲಕ್ಕೆ ಸ್ವಲ್ಪವನ್ನೇ ಹಿಡಿದಿಟ್ಟುಕೊಳ್ಳಬಲ್ಲದು, ಅದಕ್ಕಿಂತ ಭಾರ ಹೇರಿದರೆ ಕಲಿಕೆ ನಿಲ್ಲುತ್ತದೆ ಅನ್ನುವುದೇ ಕಾಗ್ನಿಟಿವ್ ಲೋಡ್ ಥಿಯರಿ, ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಪ್ರಕಟಿಸಿದ ಬೀಜಗಣಿತದ ಪ್ರಯೋಗ. ಬಿಡಿಸಿದ ಒಂದು ಲೆಕ್ಕ ನೋಡಿ, ಅದೇ ತರದ ಇನ್ನೊಂದನ್ನು ತಾವೇ ಮಾಡಿದ ಮಕ್ಕಳು, ಬರೀ ಲೆಕ್ಕ ಬಿಡಿಸುತ್ತಾ ಹೋದವರಿಗಿಂತ ಕಡಿಮೆ ಹೊತ್ತಿನಲ್ಲಿ ಕಲಿತರು. ಆಮೇಲೆ ಅದೇ ತರದ ಲೆಕ್ಕ ಕೊಟ್ಟಾಗ ಬೇಗ ಮಾಡಿದರು, ತಪ್ಪೂ ಕಡಿಮೆ. ಆದರೆ ಬೇರೆ ತರದ ಲೆಕ್ಕದಲ್ಲಿ ಅವರಿಗೆ ಆ ಲಾಭ ಸಿಗಲಿಲ್ಲ. ಈ ಕೊನೆಯ ಮಾತನ್ನು ನಾನು ಮೊದಲ ವರ್ಷ ಗಮನಿಸಲೇ ಇಲ್ಲ. ಅದರಿಂದಾದ ಪೆಟ್ಟನ್ನು ಮುಂದೆ ಹೇಳುತ್ತೇನೆ.

ಮೊದಲು ಬದಲಾದದ್ದು ನನ್ನ ಮಾತಿನ ವೇಗ. ಮುಂಚೆ ನಾನು ಬೋರ್ಡಿನಲ್ಲಿ ಬರೆಯುತ್ತಾ ಹೇಳುತ್ತಿದ್ದೆ, ಮಕ್ಕಳು ಕೇಳುತ್ತಾ ಬರೆದುಕೊಳ್ಳುತ್ತಿದ್ದರು. ಒಂದು ದಿನ ಮುಂದಿನ ಸಾಲಿನ ಹುಡುಗಿಯ ನೋಟ್‌ಬುಕ್ ನೋಡಿದೆ. 3x² − 10x − 8 = 0 ಎಂಬ ಲೆಕ್ಕದ ಐದೂ ಸಾಲು ಚೊಕ್ಕವಾಗಿ ಇತ್ತು. "ಈ −12 ಎಲ್ಲಿಂದ ಬಂತಮ್ಮ?" ಅಂದೆ. "ಬೋರ್ಡ್ ಮೇಲಿತ್ತು ಸರ್" ಅಂದಳು. ಅವಳ ತಪ್ಪೇನೂ ಇಲ್ಲ. ಸಾಲು ನೋಡಿ ನೆನಪಿಟ್ಟುಕೊಂಡು ಕೆಳಗೆ ಬಗ್ಗಿ ಬರೆಯುವುದಕ್ಕೇ ಅವಳ ತಲೆ ತುಂಬಿ ಹೋಗಿತ್ತು. ನನ್ನ ಮಾತಿಗೆ ಜಾಗವೇ ಉಳಿದಿರಲಿಲ್ಲ.

ಈಗ ಪೆನ್ನು ಕೆಳಗೆ. ಮೊದಲು ನಾನು ಮಾತಾಡದೆ ಲೆಕ್ಕವನ್ನು ಕೊನೆಯವರೆಗೆ ಬಿಡಿಸುತ್ತೇನೆ. ಸಾಲು ಸಾಲಿಗೂ ನಿಲ್ಲುತ್ತೇನೆ. ಎರಡನೇ ಸಲ ಬೆರಳಿಟ್ಟು ವಿವರಿಸುತ್ತೇನೆ, ನಾಲ್ಕು ನಿಮಿಷ ದಾಟುವುದಿಲ್ಲ. ಆಮೇಲೆ ಅದೇ ಲೆಕ್ಕ ಅಚ್ಚಾಗಿರುವ ಹಾಳೆ ಕೈಗೆ ಕೊಡುತ್ತೇನೆ. ಕಾಪಿ ಮಾಡುವ ಕೆಲಸವೇ ಇಲ್ಲ.

ಈ ಬದಲಾವಣೆಗೆ ಮುಂಚೆ ಸುಮ್ನೆ ದುಡ್ಡು ಕಳೆದದ್ದೂ ಇದೆ. ಹದಿನಾರು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ. ಪ್ರತಿ ಹಂತದ ಪಕ್ಕ ಪೂರ್ತಿ ವಾಕ್ಯಗಳಲ್ಲಿ ವಿವರಣೆ ಟೈಪ್ ಮಾಡಿ, ಅದನ್ನೇ ಬಾಯಲ್ಲೂ ಓದುತ್ತಿದ್ದೆ. ಕಣ್ಣು ಓದುವುದು, ಕಿವಿ ಕೇಳುವುದು ಎರಡೂ ಒಂದೇ ಮಾತು. ಎರಡನ್ನೂ ಹೊಂದಿಸಿ ನೋಡುವುದರಲ್ಲೇ ಮಕ್ಕಳು ದಣಿಯುತ್ತಿದ್ದರು. ವಿವರಣೆಯ ವಾಕ್ಯಗಳನ್ನು ಅಳಿಸಿ ಲೆಕ್ಕ ಮಾತ್ರ ಉಳಿಸಿದಾಗ ಸರಿಹೋಯಿತು. ಆದರೆ ಅಷ್ಟಕ್ಕೆ ಬೋರ್ಡೇ ಸಾಕಲ್ವಾ? ಪ್ರೊಜೆಕ್ಟರ್ ಒಂಬತ್ತು ಸಾವಿರಕ್ಕೆ ಮಾರಿದೆ.

ಇನ್ನು ಹಾಳೆಯ ವಿಷಯ. ಮೊದಲ ಹಾಳೆಯಲ್ಲಿ ಎಡಕ್ಕೆ ಪೂರ್ತಿ ಬಿಡಿಸಿದ ಲೆಕ್ಕ:

```
3x² − 10x − 8 = 0
3x² − 12x + 2x − 8 = 0
3x(x − 4) + 2(x − 4) = 0
(x − 4)(3x + 2) = 0
x = 4  ಅಥವಾ  x = −2/3
```

ಬಲಕ್ಕೆ ಅದೇ ತರದ ಇನ್ನೊಂದು, ಅದನ್ನು ಮಕ್ಕಳೇ ಮಾಡಬೇಕು. ಒಂದು ನೋಡು, ಒಂದು ಮಾಡು. ಇಲ್ಲಿ ನಾನು ಜಿಪುಣತನ ಮಾಡಿ ಕೆಟ್ಟೆ. ಹಾಳೆ ಉಳಿಯಲಿ ಅಂತ ಉದಾಹರಣೆಯನ್ನು ಮುಂದಿನ ಬದಿಗೆ, ಮಾಡಬೇಕಾದ ಲೆಕ್ಕವನ್ನು ಹಿಂದಿನ ಬದಿಗೆ ಜೆರಾಕ್ಸ್ ಹಾಕಿಸಿದೆ. ಪಾಠಕ್ಕೆ ಮುನ್ನೂರು ಮುನ್ನೂರೈವತ್ತು ಉಳಿದಿರಬಹುದು. ಮಕ್ಕಳು ಹಾಳೆ ತಿರುಗಿಸಿ ನೋಡುವುದು, ಮತ್ತೆ ಮಗುಚಿ ಬರೆಯುವುದು, ಮತ್ತೆ ತಿರುಗಿಸುವುದು. ಮಗುಚುವಷ್ಟರಲ್ಲಿ ಸಂಖ್ಯೆ ಮರೆತಿರುತ್ತಿತ್ತು. ಒಬ್ಬ ಹುಡುಗ ಒಂದೇ ಲೆಕ್ಕಕ್ಕೆ ಹದಿನೈದು ಸಲವಾದರೂ ತಿರುಗಿಸಿದ್ದ. ಮಾರನೇ ವಾರವೇ ಎರಡನ್ನೂ ಒಂದೇ ಬದಿಗೆ, ಅಕ್ಕಪಕ್ಕ ತಂದೆ. ಈಗ ಪಾಠಕ್ಕೆ ಜೆರಾಕ್ಸ್ ಖರ್ಚು ಏಳುನೂರರ ಹತ್ತಿರ. ಕೊಡುತ್ತೇನೆ, ಬೇಸರವಿಲ್ಲ.

ಎರಡನೇ ತಪ್ಪು ಹಂತ ಬಿಡುವುದರಲ್ಲಿ ಆಯಿತು. ಪೂರ್ತಿ ಉದಾಹರಣೆಯಿಂದ ಒಮ್ಮೆಗೇ ಬರೀ ಲೆಕ್ಕಕ್ಕೆ ಹಾರಬಾರದು, ಒಂದೊಂದೇ ಹಂತ ಖಾಲಿ ಬಿಡುತ್ತಾ ಹೋಗಬೇಕು ಅನ್ನುವುದು ಗೊತ್ತಿತ್ತು. ನಾನು ಮೊದಲ ಹಂತದಿಂದಲೇ ಖಾಲಿ ಬಿಟ್ಟೆ, ಅಂದರೆ ಮಧ್ಯಪದ ಒಡೆಯುವ ಸಾಲು. ಗುಣಿಸಿದರೆ −24, ಕೂಡಿದರೆ −10 ಬರುವ ಎರಡು ಸಂಖ್ಯೆ ಹುಡುಕಬೇಕು. ಈ ಪಾಠದಲ್ಲಿ ಅತಿ ಕಷ್ಟದ ಹಂತ ಅದೇ. ಮಕ್ಕಳು ಅಲ್ಲೇ ಸಿಕ್ಕಿಹಾಕಿಕೊಂಡರು, ಕೆಳಗಿನ ಸಾಲುಗಳನ್ನು ಯಾರೂ ನೋಡಲೇ ಇಲ್ಲ. ಆಮೇಲೆ ತಿರುಗಿಸಿದೆ. ಎರಡನೇ ಹಾಳೆಯಲ್ಲಿ ಕೊನೆಯ ಸಾಲು ಮಾತ್ರ ಖಾಲಿ. ಮೂರನೆಯದರಲ್ಲಿ ಕೊನೆಯ ಎರಡು. ಹೀಗೆ ಕೆಳಗಿನಿಂದ ಮೇಲಕ್ಕೆ. ಪ್ರತಿ ಹಾಳೆಯಲ್ಲೂ ಮಗು ಲೆಕ್ಕವನ್ನು ತಾನೇ ಮುಗಿಸುತ್ತದೆ, ಉತ್ತರ ತನ್ನ ಕೈಯಿಂದಲೇ ಬರುತ್ತದೆ. ಮೇಲಿನ ಸಾಲು ಎಲ್ಲಿಗೆ ಕರೆದೊಯ್ಯುತ್ತದೆ ಅನ್ನುವುದು ಅಷ್ಟರಲ್ಲಿ ಅದಕ್ಕೆ ಗೊತ್ತಾಗಿರುತ್ತದೆ. ಸಂಖ್ಯೆ ಹುಡುಕುವುದು ಐದನೇ ಹಾಳೆಗೆ ಬರುತ್ತದೆ.

ಆ ಐದನೇ ಹಾಳೆಯ ದಿನ ಮಗ್ಗಿ ಬಾರದ ಮಕ್ಕಳು ಮತ್ತೆ ಮುಗ್ಗರಿಸುತ್ತಾರೆ. 24ಕ್ಕೆ 2 ಮತ್ತು 12 ಅಂತ ತಟ್ಟನೆ ಹೊಳೆಯದ ಮಗು ಬೆರಳೆಣಿಸುತ್ತಾ ಕೂರುತ್ತದೆ. ಅಷ್ಟರಲ್ಲಿ −10 ತಲೆಯಿಂದ ಜಾರಿರುತ್ತದೆ. ಅದಕ್ಕೆ ಪಾಠ ಶುರುವಾಗುವ ಎರಡು ವಾರ ಮುಂಚಿನಿಂದ ದಿನಕ್ಕೆ ಐದು ನಿಮಿಷ ಜೋಡಿ ಸಂಖ್ಯೆಯ ಅಭ್ಯಾಸ ಮಾಡಿಸುತ್ತೇನೆ. ನಾನು 36 ಅಂದರೆ ಮಕ್ಕಳು ಜೋಡಿಗಳನ್ನು ಬಾಯಲ್ಲೇ ಹೇಳಬೇಕು. ವರ್ಗ ಸಮೀಕರಣದ ಹೆಸರೂ ಎತ್ತುವುದಿಲ್ಲ.

ಈಗ ಆ ಪೆಟ್ಟಿನ ವಿಷಯ. ಮೊದಲ ವರ್ಷ ಹಾಳೆಗಳೆಲ್ಲ ಮುಗಿದವು. ಮಕ್ಕಳೂ ಚೆನ್ನಾಗಿ ಮಾಡಿದರು. ಭಾನುವಾರದ ಪರೀಕ್ಷೆಯಲ್ಲಿ ಒಂದು ಗುರುತು ಮಾತ್ರ ಬದಲಿಸಿ 3x² + 10x − 8 = 0 ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದೇ ಕಡೆ ತಪ್ಪಿದರು. 3x² + 12x − 2x − 8 ತನಕ ಸರಿ. ಆಮೇಲೆ 3x(x + 4) − 2(x − 4). −2x − 8 ಇಂದ −2 ಹೊರಗೆ ತೆಗೆದರೆ ಒಳಗೆ x + 4 ಉಳಿಯಬೇಕು. ಅವರು ಉದಾಹರಣೆಯ ಆಕಾರವನ್ನು ಕಲಿತಿದ್ದರು, ಕಾರಣವನ್ನಲ್ಲ. ನನ್ನ ಹಾಳೆಗಳಲ್ಲಿ ಎರಡನೇ ಆವರಣದ ಮುಂದೆ ಯಾವಾಗಲೂ ಕೂಡುವ ಗುರುತೇ ಇತ್ತು. ನಾನದನ್ನು ನೋಡಿಯೇ ಇರಲಿಲ್ಲ.

ಅದಾದ ಮೇಲೆ ಎರಡು ಕೆಲಸ ಮಾಡಿದೆ. ಉದಾಹರಣೆ ಮತ್ತು ಲೆಕ್ಕದ ಪ್ರತಿ ಜೋಡಿಯಲ್ಲಿ ಒಂದೇ ಒಂದು ಅಂಶ ಬದಲಾಗುವಂತೆ ಹಾಳೆಗಳನ್ನು ಮತ್ತೆ ಬರೆದೆ. ಪ್ರತಿ ಉದಾಹರಣೆಯ ಒಂದು ಸಾಲಿಗೆ ಬಾಣ ಹಾಕಿ ಒಂದು ಪ್ರಶ್ನೆ ಇಟ್ಟೆ: "ಇಲ್ಲಿ ಒಳಗೆ + ಯಾಕೆ ಬಂತು? ಮತ್ತೆ ಗುಣಿಸಿ ತೋರಿಸು." ಉತ್ತರ ಒಂದು ಸಾಲು ಸಾಕು. ಪ್ರಶ್ನೆ ಒಂದೇ ಇರಬೇಕು. ಮೂರು ಇಟ್ಟು ನೋಡಿದೆ, ಮಕ್ಕಳು ಉದಾಹರಣೆ ಬಿಟ್ಟು ಪ್ರಶ್ನೆಗೆ ಉತ್ತರ ಬರೆಯುವುದರಲ್ಲೇ ಮುಳುಗಿದರು. ಪ್ರಶ್ನೆ ಯಾವ ಸಾಲಿಗೆ ಇಡಬೇಕು, ಹನ್ನೆರಡು ಹಾಳೆಗಳ ಕ್ರಮ ಏನು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಎರಡು ವರ್ಷ ಕೂತಿದ್ದೇನೆ. ನಿಮ್ಮ ಮಕ್ಕಳ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ದಾರಿ ಅಲ್ಲೇ ಸಿಗುತ್ತದೆ.

ನಡುವೆ ವೃತ್ತದ ಪಾಠದಲ್ಲೂ ಒಂದು ಕೈ ನೋಡಿದೆ. P ಬಿಂದುವಿನಿಂದ PA, PB ಸ್ಪರ್ಶಕಗಳು, ಕೇಂದ್ರ O, ∠APB = 80°, ∠OAB ಎಷ್ಟು? ಸಾಮಾನ್ಯವಾಗಿ ಚಿತ್ರ ಮೇಲೆ, ಹಂತಗಳು ಕೆಳಗೆ ಇರುತ್ತವೆ. ಮಗು ∠PAB ಅಂತ ಓದಿ, ಚಿತ್ರದಲ್ಲಿ ಮೂರು ಅಕ್ಷರ ಹುಡುಕಿ, ಮತ್ತೆ ಕೆಳಗೆ ಬರಬೇಕು. ನಾನು ಹಂತಗಳನ್ನು ಚಿತ್ರದ ಒಳಗೇ ಬರೆದೆ. PA = PB ಆದ್ದರಿಂದ A ಹತ್ತಿರ 50°, ಅದಕ್ಕೆ ①. OA ಮತ್ತು PA ನಡುವೆ 90°, ಅದಕ್ಕೆ ②. ಉಳಿದದ್ದು 40°, ಅದಕ್ಕೆ ③. ಕೆಳಗೆ ಏನೂ ಇಲ್ಲ. ಮೊದಲು ಇಪ್ಪತ್ತು ನಿಮಿಷ ಹಿಡಿಯುತ್ತಿದ್ದ ಲೆಕ್ಕ ಏಳೆಂಟು ನಿಮಿಷಕ್ಕೆ ಮುಗಿಯಿತು. ಆದರೆ ಪರೀಕ್ಷೆಯಲ್ಲಿ ಹಂತಗಳನ್ನು ಕಾರಣದ ಸಮೇತ ಕೆಳಗೇ ಬರೆಯಬೇಕಲ್ವಾ? ಹಾಗಾಗಿ ಮೂರನೇ ದಿನದಿಂದ ಚಿತ್ರದಲ್ಲಿರುವುದನ್ನು ಸಾಲುಗಳಾಗಿ ಬರೆಯುವುದನ್ನೇ ಬೇರೆ ಅಭ್ಯಾಸ ಮಾಡಿಸಿದೆ. ಅದನ್ನು ಮರೆತರೆ ಅಂಕ ಹೋಗುತ್ತದೆ.

ಇದು ಎಲ್ಲರಿಗೂ ಸಲ್ಲುವ ವಿಧಾನ ಅಲ್ಲ. ನನ್ನಲ್ಲಿ ಐದಾರು ಚುರುಕು ಮಕ್ಕಳಿದ್ದರು. ನಾಲ್ಕನೇ ಹಾಳೆಯ ಹೊತ್ತಿಗೆ ಅವರು ಬೇಸತ್ತರು. ಬಿಡಿಸಿದ ಸಾಲುಗಳನ್ನು ಓದಲೇಬೇಕಾಗಿ ಬಂದಾಗ, ಮೊದಲು ಮಾಡುತ್ತಿದ್ದುದಕ್ಕಿಂತ ನಿಧಾನವಾದರು. ಗೊತ್ತಿರುವವನಿಗೆ ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಅದೇ ಒಂದು ಭಾರ. ಈಗ ಪ್ರತಿ ಹಾಳೆಗೂ ಮುಂಚೆ ಒಂದು ಲೆಕ್ಕ ಕೊಟ್ಟು, "ಮೊದಲ ಒಂದು ಸಾಲು ಮಾತ್ರ ಬರಿ" ಅನ್ನುತ್ತೇನೆ. ಅರ್ಧ ನಿಮಿಷ. ಮಧ್ಯಪದ ಸರಿಯಾಗಿ ಒಡೆದವರಿಗೆ ಉದಾಹರಣೆ ಇಲ್ಲ, ನೇರ ಲೆಕ್ಕ. ಉಳಿದವರಿಗೆ ಹಾಳೆ.

ಹಿಂದೆ ಪಾಠ ಮುಗಿದ ವಾರ ಹತ್ತು ಲೆಕ್ಕ ಕೊಟ್ಟರೆ, ಎಂಟಾದರೂ ಸರಿ ಮಾಡುವವರು ಹದಿಮೂರೋ ಹದಿನಾಲ್ಕೋ ಜನ ಇರುತ್ತಿದ್ದರು. ಈ ಸಲ ಹೆಚ್ಚುಕಡಿಮೆ ಮೂವತ್ತು. ಒಂದು ತಿಂಗಳು ಬಿಟ್ಟು ಹೇಳದೆ ಮತ್ತೆ ಪರೀಕ್ಷೆ ಇಟ್ಟೆ, ಇಪ್ಪತ್ತೈದರ ಹತ್ತಿರ ನಿಂತಿತು. ವಾಕ್ಯರೂಪದ ಲೆಕ್ಕಗಳಲ್ಲಿ ಮಾತ್ರ ಇನ್ನೂ ಸೋಲುತ್ತಿದ್ದೇನೆ. ದೋಣಿಯ ವೇಗ, ಹೊಲದ ಉದ್ದ ಅಗಲ ಅಂದ ಕೂಡಲೇ ಸಮೀಕರಣ ಬರೆಯುವುದರಲ್ಲೇ ಮಕ್ಕಳು ನಿಲ್ಲುತ್ತಾರೆ. ಈಗ ಅದಕ್ಕೆ ಸಮೀಕರಣ ಬರೆಯುವವರೆಗೆ ಮಾತ್ರ ಹೋಗುವ, ಬಿಡಿಸದೇ ಬಿಡುವ ಉದಾಹರಣೆಗಳನ್ನು ಮಾಡುತ್ತಿದ್ದೇನೆ. ನಾಲ್ಕು ಹಾಳೆ ಆಗಿವೆ. ಬಿಟ್ಟು ಹೋದ ಆರರಲ್ಲಿ ಒಬ್ಬ ಹುಡುಗನ ತಂಗಿ ಜೂನ್‌ನಿಂದ ನನ್ನ ಹತ್ತಿರವೇ ಬರುತ್ತಿದ್ದಾಳೆ. ಮೊದಲ ಹಾಳೆಯನ್ನು ಅವಳ ಕೈಯಲ್ಲೇ ಪರೀಕ್ಷಿಸಿದೆ.