ಮಂಗಳೂರಿನಿಂದ ಮಾಲು ತರುವ ಅಂಗಡಿಗೆ ಲೆಕ್ಕದ ಕೆಲಸ: ನಾನು ಪ್ರಸ್ತಾವ ಇಡುವ ರೀತಿ

ಕಾಸರಗೋಡು, ಕುಂಬಳೆ, ಉಪ್ಪಳದ ಸಣ್ಣ ವ್ಯಾಪಾರಿಗಳಿಗೆ ನಮ್ಮಂಥ ಚಾರ್ಟರ್ಡ್ ಅಕೌಂಟೆಂಟರು ಹೋಗಿ ಕರಪತ್ರ ಹಂಚುವಂತಿಲ್ಲ. ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ 1949ರ ಮೊದಲ ಅನುಸೂಚಿಯಲ್ಲಿ ಆ ದಾರಿ ಮುಚ್ಚಿದೆ: ಸುತ್ತೋಲೆ, ಜಾಹೀರಾತು, ಖುದ್ದು ಭೇಟಿ, ಯಾವುದರಿಂದಲೂ ಕೆಲಸ ಕೇಳಬಾರದು. ಆದ್ದರಿಂದ ನನ್ನ ಪ್ರಸ್ತಾವ ಶುರುವಾಗುವುದು ವ್ಯಾಪಾರಿಯೇ ಬಂದು "ರಿಟರ್ನ್ ಹಾಕ್ಲಿಕ್ಕೆ ತಿಂಗಳಿಗೆ ಎಷ್ಟಾಗ್ತದೆ ಸಾರ್?" ಎಂದು ಕೇಳಿದ ಮೇಲೆ. ಆಗಲೂ ರೇಟು ಹೇಳುವುದಿಲ್ಲ. ಕಳೆದ ಒಂದು ತಿಂಗಳ ಖರೀದಿ ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆ ತಿಂಗಳ ಜಿಎಸ್‌ಟಿಆರ್-2ಬಿ, ಈ ಮೂರನ್ನು ಕೇಳುತ್ತೇನೆ. 2ಬಿ ಎಂದರೆ ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ಖರೀದಿ ತೆರಿಗೆಯ ಪಟ್ಟಿ. ಬಿಲ್ಲುಗಳು ಕಂಬಿಗೆ ಚುಚ್ಚಿದ ಹಾಗೆಯೇ ಬಂದರೂ ಸರಿ. ಈ ಒಂದು ತಿಂಗಳ ಪರಿಶೀಲನೆಗೆ ಬೇರೆಯೇ ಸಣ್ಣ ಬಿಲ್ಲು ಮಾಡುತ್ತೇನೆ. ಪುಕ್ಕಟೆ ನೋಡಿಕೊಟ್ಟ ಕಾಗದವನ್ನು ಯಾರೂ ಎರಡನೇ ಸಲ ಓದುವುದಿಲ್ಲ.

ಈ ಕಡೆಯ ಅಂಗಡಿಗಳಲ್ಲಿ ಮೊದಲು ಹುಡುಕಬೇಕಾದ ಸೋರಿಕೆ ಒಂದೇ. ಅಂಗಡಿ ಕೇರಳದಲ್ಲಿ, ಮಾಲು ಮಂಗಳೂರಿನದು. ವ್ಯಾಪಾರಿಯ ಜಿಎಸ್‌ಟಿ ನಂಬರು 32ರಿಂದ ಶುರುವಾಗುತ್ತದೆ, ಮಾರಿದವನದ್ದು 29ರಿಂದ. ಬೆಳಿಗ್ಗೆ ಸ್ವಂತ ಪಿಕಪ್ ತೆಗೆದುಕೊಂಡು ಹೋಗಿ, ಕೌಂಟರಿನಲ್ಲೇ ದುಡ್ಡು ಕೊಟ್ಟು, ಮಾಲು ಹೇರಿಕೊಂಡು ತಲಪಾಡಿ ದಾಟಿ ಮಧ್ಯಾಹ್ನದೊಳಗೆ ವಾಪಸು. ಕೌಂಟರಿನಲ್ಲಿ ಕೂತ ಹುಡುಗನ ಸಾಫ್ಟ್‌ವೇರಿನಲ್ಲಿ ಈ ಗಿರಾಕಿಯ ರಾಜ್ಯ ಕರ್ನಾಟಕ ಎಂದೇ ಇರುತ್ತದೆ, ಅಥವಾ ಅದನ್ನು ಖಾಲಿ ಬಿಟ್ಟಿರುತ್ತಾರೆ. ಬಿಲ್ಲಿನಲ್ಲಿ ಹೆಸರು ಸರಿ, 32ರ ನಂಬರೂ ಸರಿ. ಕೆಳಗೆ ಮಾತ್ರ ಸಿಜಿಎಸ್‌ಟಿ ಶೇ. 9, ಎಸ್‌ಜಿಎಸ್‌ಟಿ ಶೇ. 9 ಎಂದು ಬಿದ್ದಿರುತ್ತದೆ.

"ಹದಿನೆಂಟು ಕೊಟ್ಟಾಗಿದೆಯಲ್ಲ ಸಾರ್, ಯಾವ ಹೆಸರಲ್ಲಿ ಕೊಟ್ಟರೆ ಏನು?" ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮಾಲಿನ ಪ್ರಯಾಣ ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳ. ಗಾಡಿ ಮಾರಿದವನದ್ದೋ ಕೊಂಡವನದ್ದೋ ಎಂಬುದು ಲೆಕ್ಕಕ್ಕಿಲ್ಲ; ಐಜಿಎಸ್‌ಟಿ ಕಾಯ್ದೆಯ 10ನೇ ಕಲಮು ಕೊಂಡವನೇ ಸಾಗಿಸಿದ್ದನ್ನೂ ಸೇರಿಸಿಯೇ ಹೇಳುತ್ತದೆ. ಮಾಲು ಕುಂಬಳೆಗೆ ಬಂದರೆ ಬಿಲ್ಲು ರಾಜ್ಯ ದಾಟುವ ಮಾರಾಟದ ತೆರಿಗೆಯಾದ ಐಜಿಎಸ್‌ಟಿಯದ್ದೇ ಆಗಬೇಕು. ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಿದರೆ ಅದು ಕರ್ನಾಟಕದೊಳಗಿನ ಮಾರಾಟವಾಗಿ ದಾಖಲಾಗುತ್ತದೆ, ಮತ್ತು ಆ ತೆರಿಗೆಯ ಕ್ರೆಡಿಟ್, ಎಂದರೆ ಅದನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು, 32ರ ನಂಬರಿಗೆ ಸಿಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಕುಂಬಳೆಯ ಪೈಂಟು-ಪೈಪಿನ ಅಂಗಡಿ, ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಎಂದಿಟ್ಟುಕೊಳ್ಳಿ. ತಿಂಗಳ ಖರೀದಿ 5,00,000 ರೂಪಾಯಿ, ಎಲ್ಲವೂ ಶೇ. 18ರ ಮಾಲು, ತೆರಿಗೆ 90,000. ಮಾರಾಟ 5,50,000, ಅದರ ತೆರಿಗೆ 99,000. ಅಂಗಡಿಯವರ ಲೆಕ್ಕದಲ್ಲಿ ಕಟ್ಟಬೇಕಾದದ್ದು 9,000.

2ಬಿ ತೆಗೆದರೆ ಸಿಗುವ ಕ್ರೆಡಿಟ್ 70,200 ಮಾತ್ರ. ಎಂದರೆ 19,800 ಕಡಿಮೆ. ಈ ಅಂತರವನ್ನು ಒಟ್ಟಿಗೆ ನೋಡಿದರೆ ಏನೂ ತಿಳಿಯುವುದಿಲ್ಲ, ಬಿಲ್ಲು ಬಿಲ್ಲಾಗಿ ಒಡೆಯಬೇಕು. ಒಂದು ಬಿಲ್ಲು 30,000ದ್ದು, ತೆರಿಗೆ 5,400, ಅದು 2ಬಿಯಲ್ಲಿ ಎಲ್ಲಿಯೂ ಇಲ್ಲ. ಮಾರಿದವನು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವನು, ಅಂಥವರಿಗೆ ನಡುವಿನ ತಿಂಗಳಲ್ಲಿ ಬಿಲ್ಲು ಏರಿಸಲು ಇರುವ ಐಎಫ್‌ಎಫ್ ಸೌಲಭ್ಯದಲ್ಲಿ ಇದನ್ನು ಏರಿಸಿಲ್ಲ. ಇದು ತಡ ಅಷ್ಟೆ, ಅವನು ತ್ರೈಮಾಸಿಕದ ಮಾರಾಟದ ರಿಟರ್ನ್, ಜಿಎಸ್‌ಟಿಆರ್-1, ಹಾಕಿದಾಗ ಬರುತ್ತದೆ. ಉಳಿದ 14,400 ಎರಡು ಬಿಲ್ಲಿನದ್ದು, ಒಂದೊಂದೂ 40,000ದ ಪೈಂಟು, 3,600 ಸಿಜಿಎಸ್‌ಟಿ, 3,600 ಎಸ್‌ಜಿಎಸ್‌ಟಿ, ಒಟ್ಟು 47,200. ಇವು 2ಬಿಯಲ್ಲಿ ಇವೆ, ಆದರೆ `ITC Not Available` ಎಂಬ ಭಾಗದಲ್ಲಿ. ಕಾರಣದ ಕಾಲಂನಲ್ಲಿ ಪೂರೈಕೆಯ ಸ್ಥಳವೂ ಮಾರಿದವನ ರಾಜ್ಯವೂ ಒಂದೇ, ಕೊಂಡವನ ರಾಜ್ಯ ಬೇರೆ ಎಂದಿರುತ್ತದೆ.

47,200 ಎಂಬ ಮೊತ್ತವನ್ನು ಗಮನಿಸಿ. 50,000 ದಾಟಿದ್ದರೆ ಇ-ವೇ ಬಿಲ್ಲು ಮಾಡಬೇಕಿತ್ತು, ಅದನ್ನು ತುಂಬುವಾಗ ಕುಂಬಳೆಯ ಪಿನ್‌ಕೋಡೂ ಕರ್ನಾಟಕದ ತೆರಿಗೆಯೂ ಎದುರುಬದುರಾಗಿ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಸಣ್ಣ ಸಣ್ಣ ಬಿಲ್ಲುಗಳಾದ್ದರಿಂದಲೇ ವರ್ಷಗಟ್ಟಲೆ ಇದು ನಡೆದುಹೋಗುತ್ತದೆ. ಇನ್ನೊಂದು ತೊಡಕೂ ಇದೆ. 2024ರ ಅಕ್ಟೋಬರಿನಲ್ಲಿ ಬಂದ ಐಎಂಎಸ್ ಪರದೆಯಲ್ಲಿ ಬಿಲ್ಲುಗಳನ್ನು ಒಪ್ಪುವ, ತಿರಸ್ಕರಿಸುವ ಅವಕಾಶ ಇದೆಯಲ್ಲ, ಅದರಲ್ಲಿ ಈ ಬಗೆಯ ಬಿಲ್ಲು ಕಾಣುವುದೇ ಇಲ್ಲ. ನೇರವಾಗಿ 2ಬಿಯ ಆ ಭಾಗಕ್ಕೆ ಹೋಗುತ್ತದೆ. ಐಎಂಎಸ್ ನೋಡಿ ಎಲ್ಲ ಸರಿ ಎಂದುಕೊಂಡವರಿಗೆ ಇದು ಸಿಗುವುದಿಲ್ಲ.

ಹಾಗಾಗಿ ಆ ತಿಂಗಳು ನಿಜವಾಗಿ ಕಟ್ಟಬೇಕಾದದ್ದು 99,000ದಲ್ಲಿ 70,200 ಕಳೆದು 28,800. ಪುಸ್ತಕದ ಲೆಕ್ಕ ನಂಬಿ 90,000 ಕ್ರೆಡಿಟ್ ತೆಗೆದರೆ 2ಬಿಗೂ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿಗೂ ತಾಳೆಯಾಗುವುದಿಲ್ಲ. ವ್ಯತ್ಯಾಸ ನಿಗದಿತ ಮಿತಿ ಮೀರಿದರೆ ಡಿಆರ್‌ಸಿ-01ಸಿ ಎಂಬ ಸೂಚನೆ ಬರುತ್ತದೆ. 7 ದಿನದೊಳಗೆ ಉತ್ತರಿಸದಿದ್ದರೆ ಮುಂದಿನ ಜಿಎಸ್‌ಟಿಆರ್-1 ಹಾಕಲಾಗುವುದಿಲ್ಲ. ತಪ್ಪಾಗಿ ತೆಗೆದು ಬಳಸಿದ ಕ್ರೆಡಿಟ್ಟಿಗೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ.

ಸರಿಪಡಿಸುವ ದಾರಿ ಮಾರಿದವನ ಕೈಯಲ್ಲಿದೆ. ಅವನು ಮುಂದಿನ ಜಿಎಸ್‌ಟಿಆರ್-1ರ 9ಎ ಕೋಷ್ಟಕದಲ್ಲಿ ಆ ಬಿಲ್ಲಿನ ಪೂರೈಕೆಯ ಸ್ಥಳವನ್ನು ಕೇರಳ ಎಂದು ತಿದ್ದಿ, ತೆರಿಗೆಯನ್ನು ಐಜಿಎಸ್‌ಟಿ ಮಾಡಬೇಕು. ತಪ್ಪು ತಲೆಬರಹದಲ್ಲಿ ಕಟ್ಟಿದ ತೆರಿಗೆ ಅವನಿಗೆ ಮರುಪಾವತಿಯಾಗಲು ಸಿಜಿಎಸ್‌ಟಿ ಕಾಯ್ದೆಯ 77ನೇ ಕಲಮಿದೆ, ಹೊಸದಾಗಿ ಕಟ್ಟುವ ಐಜಿಎಸ್‌ಟಿಗೆ ಬಡ್ಡಿಯೂ ಇಲ್ಲ. ಇದನ್ನು ಬರೆದ ಅರ್ಧ ಪುಟದ ಕಾಗದವನ್ನು, ಬಿಲ್ಲಿನ ನಂಬರು-ತಾರೀಕಿನ ಸಮೇತ, ನಾನು ತಯಾರಿಸಿ ಕೊಡುತ್ತೇನೆ. ಫೋನು ಮಾತ್ರ ವ್ಯಾಪಾರಿಯೇ ಮಾಡಬೇಕು. ಆಡಿಟರ್ ಮಾಡಿದ ಫೋನಿಗೆ "ನೋಡ್ತೇವೆ" ಎನ್ನುವವರು, ಮುಂದಿನ ಆರ್ಡರು ಕೊಡುವವನ ಫೋನಿಗೆ ಬಿಲ್ಲು ಹುಡುಕಿ ತೆಗೆಯುತ್ತಾರೆ. ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30, ಇಲ್ಲವೇ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅಲ್ಲಿಗೆ ಬಾಗಿಲು ಮುಚ್ಚುತ್ತದೆ.

ಮುಂದೆ ಹೀಗಾಗದಂತೆ ತಡೆಯಲು ಒಂದು ಕಾರ್ಡು ಸಾಕು. ಅಂಗಡಿಯ ಹೆಸರು, ವಿಳಾಸ, 32ರ ನಂಬರು, ಕೆಳಗೆ ದಪ್ಪ ಅಕ್ಷರದಲ್ಲಿ "ಕೇರಳದ ಬಿಲ್ಲು, ಐಜಿಎಸ್‌ಟಿ ಹಾಕಿ". ಪಿಕಪ್ ಡ್ರೈವರನ ಡ್ಯಾಶ್‌ಬೋರ್ಡಿನಲ್ಲಿ ಒಂದು, ವ್ಯಾಪಾರಿಯ ಕಿಸೆಯಲ್ಲಿ ಒಂದು. ಅದರ ಮೇಲೆ ನನ್ನ ಹೆಸರು ಹಾಕುವುದಿಲ್ಲ, ಹಾಕಿದರೆ ಅದೇ ಜಾಹೀರಾತಾಗುತ್ತದೆ.

ಮಾರಾಟದ ಕಡೆ ಒಂದೇ ಮಾತು. 2023ರ ಅಕ್ಟೋಬರ್ 1ರಿಂದ, ನೋಂದಣಿ ಇಲ್ಲದ ಗಿರಾಕಿಯ ವಿಳಾಸವನ್ನು ಬಿಲ್ಲಿನಲ್ಲಿ ಬರೆದರೆ ಆ ವಿಳಾಸವೇ ಪೂರೈಕೆಯ ಸ್ಥಳ. ಮಂಜೇಶ್ವರದ ಅಂಗಡಿಯವರು ಗಿರಾಕಿಗೆ ಗೌರವ ತೋರಿಸಲೆಂದು "ತೊಕ್ಕೊಟ್ಟು, ಕರ್ನಾಟಕ" ಎಂದು ಬರೆದರೆ ಆ ಬಿಲ್ಲಿಗೆ ಐಜಿಎಸ್‌ಟಿ. ವಹಿವಾಟಿನ ಮೇಲೆ ಶೇ. 1 ಕಟ್ಟಿ ಮುಗಿಸುವ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗಂತೂ ಇದು ಅಪಾಯ. ಅವರು ಹೊರರಾಜ್ಯದಿಂದ ಕೊಳ್ಳಬಹುದು, ಹೊರರಾಜ್ಯಕ್ಕೆ ಮಾರುವಂತಿಲ್ಲ.

ಈ ಒಂದು ತಿಂಗಳ ತಾಳೆಪಟ್ಟಿಯೇ ನನ್ನ ಪ್ರಸ್ತಾವದ ಮೊದಲ ಪುಟ. ಎರಡನೇ ಪುಟದಲ್ಲಿ ಕೆಲಸದ ಕ್ರಮ ಇರುತ್ತದೆ. ಬಿಲ್ಲುಗಳ ಫೋಟೊ ಪ್ರತಿ ಶನಿವಾರ ವಾಟ್ಸಾಪಿಗೆ ಬರಬೇಕು. ತಿಂಗಳ ಕೊನೆಗೆ ಒಟ್ಟಿಗೆ ಕಳಿಸಿದರೆ ಅರ್ಧ ಬಿಲ್ಲು ಸಿಗುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ 5ನೇ ತಾರೀಕಿಗೆ. ಜಿಎಸ್‌ಟಿಆರ್-1 11ರೊಳಗೆ. 14ಕ್ಕೆ 2ಬಿ ಬರುತ್ತದೆ, 14ರಿಂದ 17ರವರೆಗೆ ತಾಳೆ, 18ಕ್ಕೆ ಕಟ್ಟಬೇಕಾದ ಮೊತ್ತ ವ್ಯಾಪಾರಿಗೆ ತಿಳಿಯುತ್ತದೆ, 20ಕ್ಕೆ 3ಬಿ. ಹಿಂದಿನ ದಿನ ರಾತ್ರಿ ಮೊತ್ತ ಹೇಳುವವರ ಮೇಲೆ ವ್ಯಾಪಾರಿಗೆ ಸಿಟ್ಟು ಬರುವುದು ಸಹಜ. ಅವನ ದುಡ್ಡು ಆಗ ಮಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಆದಾಯ ತೆರಿಗೆ ರಿಟರ್ನ್ ಇದೇ ಪುಸ್ತಕದಿಂದ ಬರುತ್ತದೆ. ಶೇ. 8 ಅಥವಾ 6ರ ಅಂದಾಜು ಲಾಭ ತೋರಿಸುವವರಿಗೆ ಪುಸ್ತಕ ಯಾಕೆ ಎಂದು ಕೇಳುತ್ತಾರೆ. ಜಿಎಸ್‌ಟಿಯಲ್ಲಿ ತೋರಿಸಿದ ವಹಿವಾಟು ಆದಾಯ ತೆರಿಗೆ ಇಲಾಖೆಯ ಎಐಎಸ್ ಎಂಬ ಮಾಹಿತಿ ಪಟ್ಟಿಯಲ್ಲಿ ಕಾಣುತ್ತದೆ, ಎರಡೂ ಹೊಂದಬೇಕು. ಜಿಎಸ್‌ಟಿಗಂತೂ ಪುಸ್ತಕ ಬೇಕೇ ಬೇಕು.

ಶುಲ್ಕವನ್ನು ವಹಿವಾಟಿನ ಮೇಲೆ ಹೇಳುವುದಿಲ್ಲ, ಬಿಲ್ಲಿನ ಎಣಿಕೆಯ ಮೇಲೆ ಹೇಳುತ್ತೇನೆ. 60 ಖರೀದಿ ಬಿಲ್ಲಿದ್ದರೆ ಬಿಲ್ಲಿಗೆ 3 ನಿಮಿಷದಂತೆ 3 ಗಂಟೆ, ಬ್ಯಾಂಕಿಗೆ 2, ತಾಳೆಗೆ 1, ರಿಟರ್ನಿಗೆ 1. ತಿಂಗಳಿಗೆ 7 ಗಂಟೆಯ ಕೆಲಸ. ಇದನ್ನು ಕಾಗದದ ಮೇಲೆ ತೋರಿಸಿದರೆ ಚೌಕಾಸಿ ಕಡಿಮೆ. "ತೆರಿಗೆ ಉಳಿಸಿಕೊಡಿ, ಉಳಿದದ್ದರಲ್ಲಿ ಪಾಲು ಕೊಡ್ತೇನೆ" ಎನ್ನುವವರೂ ಇದ್ದಾರೆ. ಲಾಭದ ಪಾಲಿನ ಮೇಲೆ ಶುಲ್ಕ ತೆಗೆದುಕೊಳ್ಳುವುದನ್ನು ಅದೇ ಅನುಸೂಚಿ ನಿಷೇಧಿಸಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಪ್ರಸ್ತಾವದ ಕೊನೆಯಲ್ಲಿ ಎರಡು ಷರತ್ತು ಬರೆಯುತ್ತೇನೆ. ಪೋರ್ಟಲ್ಲಿನಲ್ಲಿ ನೋಂದಾಯಿಸಿದ ಮೊಬೈಲು ವ್ಯಾಪಾರಿಯದ್ದೇ ಆಗಿರಬೇಕು. ಲೆಕ್ಕದವನ ಮೊಬೈಲು ಕೊಟ್ಟಿದ್ದರೆ ಅವನನ್ನು ಬಿಟ್ಟ ದಿನದಿಂದ ಒಟಿಪಿ ಅವನಿಗೇ ಹೋಗುತ್ತಿರುತ್ತದೆ, ನೋಟೀಸು ಬಂದದ್ದೂ ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಎರಡನೆಯದು ನನಗೇ ನಷ್ಟದ್ದು: ನಾನು ಬರೆದ ಪುಸ್ತಕಕ್ಕೆ ನಾನೇ ತೆರಿಗೆ ಆಡಿಟ್ ಮಾಡುವಂತಿಲ್ಲ. ವಹಿವಾಟು ತೆರಿಗೆ ಆಡಿಟ್ ಬೇಕಾಗುವ ಮಟ್ಟಕ್ಕೆ ಬೆಳೆದ ವರ್ಷ ಸಹಿಗೆ ಬೇರೊಬ್ಬ ಆಡಿಟರ್ ಬೇಕು, ಅವರ ಶುಲ್ಕ ಬೇರೆ.