ಅನುಪಾತ ಕಲಿಸೋಕೆ ಹೆಸರುಬೇಳೆ ಪಾಯಸ

ನಮ್ಮ ಬದಿಯಡ್ಕದ ಕಡೆ ಮನೆಗೆ ನೆಂಟರು ಬಂದರೆ ಪಾಯಸ ಆಗಲೇಬೇಕು, ಅಲ್ವಾ? ಏಳನೇ ಕ್ಲಾಸಿನ ಮಕ್ಕಳಿಗೆ ನಾನು ಅನುಪಾತ ಶುರು ಮಾಡುವುದು ಅದರಿಂದಲೇ.

ಬೋರ್ಡಿನಲ್ಲಿ ಹೀಗೆ ಬರೆಯುತ್ತೇನೆ: 8 ಜನಕ್ಕೆ ಹೆಸರುಬೇಳೆ 2 ಸಣ್ಣ ಲೋಟ, ಬೆಲ್ಲದ ಪುಡಿ 3 ಲೋಟ. ಈಗ 12 ಜನ ಬರುತ್ತಾರೆ, ಎಷ್ಟೆಷ್ಟು ಬೇಕು?

ಅರ್ಧ ಕ್ಲಾಸು 6 ಮತ್ತು 7 ಅನ್ನುತ್ತದೆ. ಜನ 4 ಜಾಸ್ತಿ, ಹಾಗಾಗಿ ಎಲ್ಲದಕ್ಕೂ 4 ಕೂಡಿಸುತ್ತಾರೆ. ತಕ್ಷಣ ತಪ್ಪು ಅನ್ನಬೇಡಿ. "ಒಂದು ಲೋಟ ಬೇಳೆಗೆ ಬೆಲ್ಲ ಎಷ್ಟು ಬಿತ್ತು?" ಅಂತ ಕೇಳಿ. ಮೊದಲು ಒಂದೂವರೆ ಲೋಟ ಇತ್ತು, ಈಗ ಒಂದಕ್ಕಿಂತ ಸ್ವಲ್ಪವೇ ಜಾಸ್ತಿ. "ಟೀಚರ್, ಪಾಯಸ ಸಪ್ಪೆ!" ಅಂತ ಅವರೇ ಕೂಗುತ್ತಾರೆ. ಜನ ಒಂದೂವರೆ ಪಟ್ಟು ಆದರೆ ಬೇಳೆ ಮೂರು ಪಟ್ಟು ಆಗಿದೆ ಅನ್ನುವುದೂ ಆಗ ಕಾಣುತ್ತದೆ.

ಆಮೇಲೆ 4 ಜನದ ಅಳತೆಗೆ ಇಳಿಸಿ: ಬೇಳೆ 1, ಬೆಲ್ಲ ಒಂದೂವರೆ. 12 ಜನ ಅಂದರೆ ಅಂಥ ಮೂರು ಪಾಲು. ಬೇಳೆ 3, ಬೆಲ್ಲ ನಾಲ್ಕೂವರೆ. 20 ಜನಕ್ಕೆ ಐದು ಪಾಲು. ಅದನ್ನು ಮಕ್ಕಳೇ ಮಾಡುತ್ತಾರೆ. 2:3 ಮತ್ತು 3:4.5 ಒಂದೇ ಅಂತ ಬರೆಸಿದಾಗ ಸಮಾನುಪಾತ ಅನ್ನುವ ಹೆಸರು ಹೇಳಿದರೆ ಸಾಕು.

ಒಬ್ಬ ಹುಡುಗ ಬೇಳೆ ಬೇಯುವ ಸಮಯವನ್ನೂ ಒಂದೂವರೆ ಪಟ್ಟು ಮಾಡಿದ್ದ. ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಪಾತ್ರೆ ದೊಡ್ಡದಾದರೆ ಕುದಿ ಬರೋಕೆ ತಡ ಆಗಬಹುದು, ಆದರೆ ಕುದಿ ಬಂದ ಮೇಲೆ ಬೇಳೆ ಬೇಯೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು.